ಫ್ರೆಂಚ್‌ನಲ್ಲಿ ‘ಬೈಸಿಕೊಂಡೆ’ ಎನ್ನುವುದು ಹೇಗೆ: ಕರ್ಮಣಿ ಪ್ರಯೋಗದ ಬದಲು ಬರುವ ರೂಪಗಳು

ಪ್ರಶ್ನೆ: ನಾನು ಗ್ರೆನೋಬ್ಲ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಸಿನಿಮಾ ನೋಡಿ ಹೊರಬರುವಷ್ಟರಲ್ಲಿ ನನ್ನ ಸೈಕಲ್ ಕಳುವಾಗಿತ್ತು. ಅದನ್ನೇ ಫ್ರೆಂಚ್ ತರಗತಿಗೆ ಒಂದು ಪುಟ ಬರೆದೆ. ಕದ್ದವರು ಯಾರೆಂದು ಗೊತ್ತಿಲ್ಲದ ಕಾರಣ ಎಲ್ಲ ವಾಕ್ಯಗಳನ್ನೂ ‘ಇರು’ ಎಂಬರ್ಥದ ಎತ್ರ್ ಕ್ರಿಯಾಪದ ಹಾಕಿ ಕರ್ಮಣಿಯಲ್ಲಿ ಬರೆದೆ. ‘ನನ್ನನ್ನು ಬಿಲ್ ಕೇಳಲಾಯಿತು’ ಎಂಬ ವಾಕ್ಯವನ್ನು ಶಿಕ್ಷಕಿ ಪೂರ್ತಿ ಹೊಡೆದುಹಾಕಿದ್ದಾರೆ. ಉಳಿದವಕ್ಕೆ ‘ಲೂರ್’, ಅಂದರೆ ಭಾರವಾಗಿದೆ ಎಂದು ಬರೆದಿದ್ದಾರೆ. ‘ಓನ್’ ಬಳಸಿ, ‘ಸ’ ಬಳಸಿ ಎನ್ನುತ್ತಾರೆ. ಎಲ್ಲಿ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ:

ಹೊಡೆದುಹಾಕಿರುವ ಆ ಒಂದು ವಾಕ್ಯದಿಂದಲೇ ಪ್ರಾರಂಭಿಸೋಣ, ಏಕೆಂದರೆ ಉಳಿದವು ಶೈಲಿಗೆ ಸಂಬಂಧಿಸಿದ ಮಾತಾದರೆ ಅದೊಂದು ಮಾತ್ರ ವ್ಯಾಕರಣದ ತಪ್ಪು. ಫ್ರೆಂಚ್ ವಾಕ್ಯಗಳನ್ನು ಇಲ್ಲಿ ಕಿವಿಗೆ ಕೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಅವುಗಳ ಕಾಗುಣಿತ ನಿಮಗೆ ಗೊತ್ತಿರುವುದರಿಂದ ತೊಂದರೆಯಾಗದು. ನೀವು ಬರೆದದ್ದು ‘ಜೇ ಎತೇ ದಮಾಂದೇ ಲಾ ಫಾಕ್ತ್ಯೂರ್’ ಎಂದಿರಬೇಕು. ಇಂಗ್ಲಿಷ್‌ನಲ್ಲಿ ಈ ಅಚ್ಚಿನ ವಾಕ್ಯ ಸಲೀಸಾಗಿ ಬರುತ್ತದೆ, ಫ್ರೆಂಚ್‌ನಲ್ಲಿ ಬರುವುದಿಲ್ಲ. ದಮಾಂದೇ ಎಂಬ ಕ್ರಿಯಾಪದಕ್ಕೆ ಎರಡು ಕರ್ಮಗಳಿವೆ: ಕೇಳುವ ವಸ್ತು ನೇರ ಕರ್ಮ, ಯಾರನ್ನು ಕೇಳುತ್ತೇವೋ ಆ ವ್ಯಕ್ತಿ ‘ಆ’ ಎಂಬ ಪೂರ್ವಪದದ ಮೂಲಕ ಬರುವ ಪರೋಕ್ಷ ಕರ್ಮ. ಫ್ರೆಂಚ್ ಕರ್ಮಣಿಯಲ್ಲಿ ಕರ್ತೃವಿನ ಜಾಗಕ್ಕೆ ಏರಬಲ್ಲದ್ದು ನೇರ ಕರ್ಮ ಮಾತ್ರ. ಕೊಡು, ಹೇಳು, ಕೇಳು, ನಿರಾಕರಿಸು, ಕಳಿಸು, ಭರವಸೆ ಕೊಡು ಎಂಬ ಅರ್ಥದ ಕ್ರಿಯಾಪದಗಳೆಲ್ಲ ಈ ನಿಯಮಕ್ಕೆ ಒಳಪಟ್ಟಿವೆ. ಇದಕ್ಕೆ ಅಪವಾದವಾಗಿ ಓಬೇಯೀರ್ ಮತ್ತು ಪಾರ್ದೊನೇ, ಅಂದರೆ ವಿಧೇಯನಾಗಿರು ಮತ್ತು ಕ್ಷಮಿಸು ಎಂಬಂಥ ಕೆಲವೇ ಕ್ರಿಯಾಪದಗಳಿವೆ. ಇವು ಪರೋಕ್ಷ ಕರ್ಮವನ್ನು ತೆಗೆದುಕೊಂಡರೂ ಕರ್ಮಣಿಗೆ ಒಗ್ಗುತ್ತವೆ. ನಿಮ್ಮ ಪುಟಕ್ಕೆ ಇವು ಬೇಕಾಗಿಲ್ಲ.

ನೀವು ಎಡವಿದ್ದು ಇಂಗ್ಲಿಷ್‌ನ ದಾರಿ ಹಿಡಿದದ್ದರಿಂದ. ಮನೆಯಲ್ಲಿ ಅಮ್ಮನಿಗೆ ಫೋನಿನಲ್ಲಿ ಇದನ್ನೇ ಹೇಳುವಾಗ ನೀವು ‘ನನ್ನನ್ನು ಬಿಲ್ ಕೇಳಲಾಯಿತು’ ಎಂದು ಖಂಡಿತ ಹೇಳಿರುವುದಿಲ್ಲ. ‘ಪೊಲೀಸ್ ಸ್ಟೇಷನ್‌ನಲ್ಲಿ ನನ್ನ ಹತ್ತಿರ ಬಿಲ್ ಕೇಳಿದರು’ ಎಂದಿರುತ್ತೀರಿ. ಕೇಳಿದವರು ಯಾರು? ಅಲ್ಲಿದ್ದ ಯಾರೋ. ‘ಅವರು’ ಎಂಬ ಪದವನ್ನು ಸಹ ನೀವು ಬಳಸಲಿಲ್ಲ, ಕ್ರಿಯಾಪದದ ಕೊನೆಯ ‘ಅರು’ ಒಂದೇ ಆ ಕೆಲಸ ಮಾಡಿತು. ಕರ್ತೃವಿಲ್ಲದ ಈ ಬಹುವಚನ ಕನ್ನಡದ ಬಾಯಿಮಾತಿನಲ್ಲಿ ಕರ್ಮಣಿಯ ಕೆಲಸವನ್ನು ಬಹುಪಾಲು ತಾನೇ ಹೊತ್ತುಕೊಂಡಿದೆ. ಹೇಳಿದರು, ಕರೆದರು, ಕೊಟ್ಟರು, ಮುಚ್ಚಿಬಿಟ್ಟರು ಎಂದು ನಾವು ದಿನವಿಡೀ ಹೇಳುತ್ತಿರುತ್ತೇವೆ. ಫ್ರೆಂಚ್‌ನಲ್ಲಿ ಇದಕ್ಕೆ ನೇರವಾಗಿ ಸಮನಾದದ್ದು ‘ಓನ್’. ‘ಓನ್ ಮಾ ದಮಾಂದೇ ಲಾ ಫಾಕ್ತ್ಯೂರ್’ ಎಂದರೆ ನನ್ನ ಹತ್ತಿರ ಬಿಲ್ ಕೇಳಿದರು ಎಂದೇ ಅರ್ಥ. ಇಲ್ಲಿ ‘ನಾನು’ ಪರೋಕ್ಷ ಕರ್ಮವಾಗಿಯೇ ತನ್ನ ಜಾಗದಲ್ಲಿ ಉಳಿದುಕೊಂಡಿರುವುದರಿಂದ ಯಾವ ನಿಯಮವೂ ಮುರಿಯಲಿಲ್ಲ. ಫ್ರೆಂಚ್ ಕಲಿಯುವ ಕನ್ನಡಿಗರಿಗೆ ನಾನು ಕೊಡುವ ಮೊದಲ ಸಲಹೆ ಇದೇ: ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯವೋ ಪತ್ರಿಕೆಯ ‘ಲಾಗಿದೆ’ ವಾಕ್ಯವೋ ಮೂಡಿದರೆ ಒಂದು ಕ್ಷಣ ನಿಂತು, ಅದೇ ಮಾತನ್ನು ಮನೆಯಲ್ಲಿ ಹೇಗೆ ಹೇಳುತ್ತಿದ್ದಿರಿ ಎಂದು ಕೇಳಿಕೊಳ್ಳಿ.

ಇನ್ನು ‘ಭಾರವಾಗಿದೆ’ ಎಂಬ ಟಿಪ್ಪಣಿಯ ವಿಚಾರ. ಇದು ಬರಿಯ ರುಚಿಯ ಮಾತಲ್ಲ, ಇದರ ಹಿಂದೆ ಒಂದು ಗಟ್ಟಿ ಕಾರಣವಿದೆ. ಅದನ್ನು ತಿಳಿದುಕೊಂಡರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಎತ್ರ್ ಕ್ರಿಯಾಪದದ ಜೊತೆ ಭೂತಕೃದಂತ ಸೇರಿಸಿದಾಗ ಫ್ರೆಂಚ್‌ನಲ್ಲಿ ಎರಡು ಅರ್ಥಗಳು ಹುಟ್ಟುತ್ತವೆ. ‘ಲಾ ಪೋರ್ತ್ ಎ ಫೆರ್ಮೇ’ ಎಂದರೆ ಬಾಗಿಲನ್ನು ಮುಚ್ಚುತ್ತಾರೆ ಎಂದೂ ಆಗಬಹುದು, ಬಾಗಿಲು ಮುಚ್ಚಿದೆ ಎಂದೂ ಆಗಬಹುದು. ಮೊದಲನೆಯದು ಕ್ರಿಯೆ, ಎರಡನೆಯದು ಕ್ರಿಯೆ ಮುಗಿದ ಮೇಲೆ ಉಳಿದ ಸ್ಥಿತಿ. ವರ್ತಮಾನ ಕಾಲದಲ್ಲಿ, ಮಾಡಿದವರ ಹೆಸರು ಜೊತೆಗಿಲ್ಲದಿದ್ದರೆ, ಫ್ರೆಂಚ್ ಕಿವಿಗೆ ಮೊದಲು ಕೇಳುವುದು ಸ್ಥಿತಿಯೇ. ಮುಚ್ಚು, ಒಡೆ, ಕತ್ತರಿಸು, ಮಾರು ಎಂಬಂತೆ ಒಂದು ಕೊನೆಯನ್ನು ಮುಟ್ಟಿ ನಿಲ್ಲುವ ಕ್ರಿಯೆಗಳಲ್ಲಿ ಈ ಎಳೆತ ಹೆಚ್ಚು. ಕಾವಲುಗಾರನಿಂದ ಎಂದು ‘ಪಾರ್’ ಹಾಕಿ ಸೇರಿಸಿದ ಕೂಡಲೇ ವಾಕ್ಯ ಮತ್ತೆ ಕ್ರಿಯೆಯ ಕಡೆಗೆ ತಿರುಗುತ್ತದೆ. ಭೂತಕಾಲದಲ್ಲಿ ‘ಆ ಎತೇ ಫೆರ್ಮೇ’ ಎಂದಾಗ ಅದು ನಡೆದ ಘಟನೆಯೆಂಬುದರಲ್ಲಿ ಅನುಮಾನವಿರುವುದಿಲ್ಲ.

ಹೀಗಾಗಿ ಕರ್ಮಣಿ ಪ್ರಯೋಗ ಭೂತಕಾಲದ ಘಟನೆಗಳಲ್ಲಿ ಆರೋಗ್ಯವಾಗಿದೆ, ವರ್ತಮಾನದಲ್ಲಿ ಕುಂಟುತ್ತದೆ. ಎಂಟು ಗಂಟೆಗೆ ಬಾಗಿಲು ಹಾಕುತ್ತಾರೆ ಎಂದು ಹೇಳಬೇಕಾದಾಗ ‘ಓನ್ ಫೆರ್ಮ್ ಲಾ ಪೋರ್ತ್ ಆ ವೀತ್ ಅರ್’ ಎನ್ನುವುದು ಅಂದಕ್ಕಾಗಿ ಅಲ್ಲ, ಅರ್ಥ ಕೆಡಬಾರದೆಂದು. ನಿಮ್ಮ ಪುಟದಲ್ಲಿ ‘ಇಂಥ ಬೀಗಗಳು ಸುಲಭವಾಗಿ ಕತ್ತರಿಸಲ್ಪಡುತ್ತವೆ’ ಎಂಬ ಅರ್ಥದ ವಾಕ್ಯವೊಂದು ಇದ್ದೇ ಇರುತ್ತದೆ ಎಂದು ಊಹಿಸುತ್ತೇನೆ. ಎತ್ರ್ ಹಾಕಿ ಬರೆದರೆ ಓದುಗರಿಗೆ ಮೊದಲು ಕಾಣುವುದು ಈಗಾಗಲೇ ತುಂಡಾಗಿ ಬಿದ್ದಿರುವ ಬೀಗಗಳು. ಆಮೇಲೆ ‘ಸುಲಭವಾಗಿ’ ಎಂಬ ಪದ ಬಂದು ಆ ಚಿತ್ರವನ್ನು ಅಳಿಸುತ್ತದೆ. ಹಾಗೆ ಹಿಂದೆ ಹೋಗಿ ಮತ್ತೆ ಓದಬೇಕಾದ ತೊಡಕಿಗೇ ಶಿಕ್ಷಕಿ ‘ಲೂರ್’ ಎಂದಿರುವುದು.

ಈಗ ‘ಓನ್’ ಎಂಬ ಪುಟ್ಟ ಪದವನ್ನು ಹತ್ತಿರದಿಂದ ನೋಡೋಣ. ಇದು ಲ್ಯಾಟಿನ್‌ನ ‘ಹೋಮೋ’ದಿಂದ, ಅಂದರೆ ಮನುಷ್ಯ ಎಂಬ ಪದದಿಂದ ಬಂದಿದೆ. ಫ್ರೆಂಚ್‌ನಲ್ಲಿ ಮನುಷ್ಯ ಎಂಬರ್ಥದ ‘ಒಮ್’ ಕೂಡ ಅದೇ ಬೇರಿನದು. ಬರಹದಲ್ಲಿ ಕೆಲವೊಮ್ಮೆ ‘ಲೋನ್’ ಎಂದು ಬರುವುದನ್ನು ನೀವು ನೋಡಿರಬಹುದು. ಆ ಮೊದಲ ‘ಲ’ಕಾರ ಈ ಪದವು ಒಂದು ಕಾಲಕ್ಕೆ ನಾಮಪದವಾಗಿದ್ದು ಮುಂದೆ ಉಪಪದವನ್ನು ಹೊತ್ತಿದ್ದರ ಗುರುತು. ಈ ಹುಟ್ಟನ್ನು ನೆನಪಿಟ್ಟುಕೊಂಡರೆ ಅದರ ಮಿತಿಯೂ ತಾನಾಗಿ ನೆನಪಿರುತ್ತದೆ: ಓನ್ ಎಂದರೆ ಮನುಷ್ಯರೇ. ಪ್ರವಾಹ ಮನೆಯನ್ನು ಕೆಡವಿದರೆ, ಗಾಳಿ ಮರವನ್ನು ಉರುಳಿಸಿದರೆ ಅಲ್ಲಿ ಓನ್ ಸಲ್ಲದು. ಕನ್ನಡದಲ್ಲೂ ಹಾಗೆಯೇ ಅಲ್ಲವೇ? ಮಳೆಯಿಂದ ಗೋಡೆ ಬಿದ್ದಾಗ ‘ಗೋಡೆ ಕೆಡವಿದರು’ ಎಂದರೆ ಯಾರೋ ಬೇಕೆಂದೇ ಕೆಡವಿದರು ಎಂದಾಗುತ್ತದೆ. ಫ್ರೆಂಚ್ ಓನ್ ಕೂಡ ಅದೇ ಆರೋಪವನ್ನು ಹೊರಿಸುತ್ತದೆ.

ಅದು ಯಾವಾಗಲೂ ಕರ್ತೃವಿನ ಜಾಗದಲ್ಲೇ ನಿಲ್ಲುತ್ತದೆ, ಕ್ರಿಯಾಪದ ಯಾವಾಗಲೂ ಪ್ರಥಮಪುರುಷ ಏಕವಚನದಲ್ಲೇ ಇರುತ್ತದೆ. ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎನ್ನಲು ‘ಓನ್ ಫ್ರಾಪ್ ಆ ಲಾ ಪೋರ್ತ್’ ಎನ್ನುತ್ತಾರೆ. ಬಡಿಯುತ್ತಿರುವವರು ಒಬ್ಬರೋ ನಾಲ್ವರೋ ಎಂಬುದನ್ನು ಅದು ಹೇಳುವುದಿಲ್ಲ.

ಅಪಾಯವಿರುವುದು ಬೇರೆಡೆ. ಇಂದಿನ ಆಡುಮಾತಿನಲ್ಲಿ ‘ನಾವು’ ಎನ್ನಬೇಕಾದ ಕಡೆಯಲ್ಲೆಲ್ಲ ಫ್ರೆಂಚರು ‘ನೂ’ ಬದಲು ಓನ್ ಎಂದೇ ಹೇಳುತ್ತಾರೆ. ಹಾಗಾಗಿ ಒಂದೇ ಓನ್ ಕೆಲವು ಸಲ ‘ಯಾರೋ’, ಕೆಲವು ಸಲ ‘ಎಲ್ಲರೂ’, ಬಹಳ ಸಲ ‘ನಾವು’. ಒಂದು ವಾಕ್ಯದಲ್ಲಿ ಇದು ತಿಳಿಯುತ್ತದೆ, ಒಂದು ಪ್ಯಾರಾದಲ್ಲಿ ಕಲಸಿಹೋಗುತ್ತದೆ. ನಿಮ್ಮ ಕತೆಯನ್ನೇ ತೆಗೆದುಕೊಳ್ಳಿ. ‘ಓನ್ ಎ ಸೋರ್ತಿ ದ್ಯೂ ಸಿನೇಮಾ’ ಎಂದು, ಅಂದರೆ ನಾವು ಸಿನಿಮಾದಿಂದ ಹೊರಬಂದೆವು ಎಂದು ಬರೆದು, ಅದರ ಬೆನ್ನಿಗೇ ‘ಓನ್ ಆ ಕೂಪೇ ಲಾಂತಿವೊಲ್’ ಎಂದು ಬರೆದಿರಿ ಎಂದಿಟ್ಟುಕೊಳ್ಳಿ. ಬೀಗವನ್ನು ಯಾರೋ ಕತ್ತರಿಸಿದ್ದರು ಎಂಬುದು ನಿಮ್ಮ ಮನಸ್ಸಿನಲ್ಲಿರುವ ಅರ್ಥ. ಓದುವವರಿಗೆ ಸಿಗುವ ಅರ್ಥ ಮಾತ್ರ ‘ನಾವು ಹೊರಗೆ ಬಂದು ಬೀಗ ಕತ್ತರಿಸಿದೆವು’! ಪೊಲೀಸರ ಮುಂದೆ ಹೀಗೆ ಹೇಳಿದರೆ ಕತೆ ಬೇರೆಯೇ ಆಗುತ್ತದೆ. ಆದ್ದರಿಂದ ಬರೆಯುವಾಗ ‘ನಾವು’ ಎನ್ನಲು ‘ನೂ’ ಎಂಬುದನ್ನೇ ಇಟ್ಟುಕೊಂಡು, ಓನ್ ಅನ್ನು ಗುರುತಿಲ್ಲದ ಜನರಿಗೆ ಮೀಸಲಿಡುವುದು ಒಳ್ಳೆಯದು. ಇಲ್ಲವೇ ಆ ಒಂದು ಕಡೆ ಕರ್ಮಣಿಯನ್ನೇ ಬಳಸುವುದು. ಒಂದೇ ವಾಕ್ಯದೊಳಗೆ ಎರಡು ಓನ್ ಬಂದರಂತೂ ಎರಡೂ ಒಂದೇ ಜನರನ್ನು ಸೂಚಿಸುವಂತೆ ನೋಡಿಕೊಳ್ಳಲೇಬೇಕು.

ಇಷ್ಟರವರೆಗೆ ಕನ್ನಡ ನಿಮ್ಮ ಕೈ ಹಿಡಿದು ನಡೆಸಿತು. ‘ಸ’ ರೂಪಕ್ಕೆ ಬರುವಾಗ ಅದು ಅರ್ಧ ದಾರಿಯಲ್ಲಿ ಕೈ ಬಿಡುತ್ತದೆ, ಏಕೆಂದರೆ ಫ್ರೆಂಚ್ ಎರಡಾಗಿ ಸೀಳುವ ಅರ್ಥವನ್ನು ನಮ್ಮ ‘ಆರೆ’ ಪ್ರತ್ಯಯ ಒಂದೇ ಆಗಿ ಹಿಡಿದುಕೊಂಡಿದೆ. ‘ಇಲ್ಲಿ ಅಂಚೆಚೀಟಿ ಮಾರುತ್ತಾರೆ’ ಎನ್ನುವುದೂ ‘ಅಂಚೆಚೀಟಿಯನ್ನು ತಂಬಾಕಿನ ಅಂಗಡಿಯಲ್ಲಿ ಮಾರುತ್ತಾರೆ’ ಎನ್ನುವುದೂ ನಮಗೆ ಒಂದೇ ಅಚ್ಚಿನ ವಾಕ್ಯಗಳು. ಫ್ರೆಂಚರಿಗೆ ಮೊದಲನೆಯದು ಈ ಅಂಗಡಿಯವರು ಮಾಡುವ ಕೆಲಸ, ಅದಕ್ಕೆ ಓನ್ ಸಾಕು. ಎರಡನೆಯದು ಅಂಚೆಚೀಟಿ ಎಂಬ ವಸ್ತುವಿನ ವಿಚಾರ, ಅದು ಸಿಗುವ ರೀತಿ ಹೀಗೆ ಎಂಬ ಮಾತು. ಫ್ರಾನ್ಸ್‌ನಲ್ಲಿ ಅಂಚೆಚೀಟಿಗಳು ನಿಜಕ್ಕೂ ತಂಬಾಕಿನ ಅಂಗಡಿಗಳಲ್ಲಿ ಸಿಗುತ್ತವೆ. ಅದನ್ನು ‘ಲೇ ತೆನ್‌ಬ್ರ್ ಸ ವಾಂದ್ ಓ ಬ್ಯೂರೋ ದ ತಾಬಾ’ ಎಂದು ಹೇಳುತ್ತಾರೆ. ಮಾರುವವರು ಮನುಷ್ಯರೇ ಎಂಬುದು ಎಲ್ಲರಿಗೂ ಗೊತ್ತು, ಆದರೆ ಮಾತು ಅವರನ್ನು ಕುರಿತದ್ದಲ್ಲ.

ಇದೇ ಆ ರೂಪದ ಜೀವಾಳ. ಒಂದು ವಸ್ತುವಿನ ಗುಣ, ಅದನ್ನು ಬಳಸುವ ಸರಿಯಾದ ಕ್ರಮ, ರೂಢಿ, ಮರ್ಯಾದೆ, ಇವುಗಳನ್ನು ಹೇಳುವಾಗ ಸ ಬರುತ್ತದೆ. ಬಿಳಿ ವೈನನ್ನು ತಣ್ಣಗೆ ಕುಡಿಯಬೇಕು ಎನ್ನಲು ‘ಲ ವೆನ್ ಬ್ಲಾನ್ ಸ ಬ್ವಾ ಫ್ರೆ’ ಎನ್ನುತ್ತಾರೆ. ಇಲ್ಲಿ ‘ಬೇಕು’ ಎಂಬ ಪದವೇ ಇಲ್ಲ, ಆದರೂ ಅದು ಕೇಳಿಸುತ್ತದೆ. ‘ಸಾ ನ ಸ ಫೆ ಪಾ’ ಎಂಬ ಮಾತನ್ನು ನೀವು ದಿನಕ್ಕೊಮ್ಮೆಯಾದರೂ ಕೇಳಿರುತ್ತೀರಿ. ‘ಅದನ್ನು ಮಾಡಲಾಗುವುದಿಲ್ಲ’ ಎಂದು ಅದನ್ನು ಕನ್ನಡಕ್ಕೆ ತಂದರೆ ಪೂರ್ತಿ ತಪ್ಪಾಗುತ್ತದೆ. ‘ಹಾಗೆಲ್ಲ ಮಾಡಬಾರದು’ ಅಥವಾ ‘ಅದು ಚೆನ್ನಾಗಿರಲ್ಲ’ ಎಂಬುದೇ ಅದರ ತೂಕ. ಪದವೊಂದನ್ನು ಹೇಗೆ ಬರೆಯುವುದು ಎಂದು ಕೇಳುವ ‘ಕೊಮಾನ್ ಸಾ ಸೇಕ್ರೀ’, ಸೇಡು ತಣ್ಣಗೆ ತಿನ್ನುವ ಅಡುಗೆ ಎಂಬ ಗಾದೆಯ ‘ಕಿ ಸ ಮಾಂಜ್ ಫ್ರುವಾ’, ಎಲ್ಲವೂ ಇದೇ ಜಾತಿಯವು. ಕನ್ನಡದಲ್ಲಿ ಇದಕ್ಕೆ ಹತ್ತಿರವಾಗಿ ‘ಈ ಪುಸ್ತಕ ಚೆನ್ನಾಗಿ ಖರ್ಚಾಗುತ್ತದೆ’ ಎನ್ನುವ ‘ಆಗು’ ರೂಪವಿದೆ. ನೀವು ಹೇಳಬೇಕೆಂದಿರುವ ವಾಕ್ಯ ‘ಆಗು’ ರೂಪಕ್ಕೆ ಸುಲಭವಾಗಿ ತಿರುಗಿದರೆ ಸ ಬಳಸಲು ಧೈರ್ಯ ಮಾಡಬಹುದು.

ಇದಕ್ಕೆ ಮೂರು ಮಿತಿಗಳಿವೆ, ಮೂರೂ ವಿದ್ಯಾರ್ಥಿಗಳು ದಾರಿ ತಪ್ಪುವ ಜಾಗಗಳೇ. ಮೊದಲನೆಯದು, ಇಂದಿನ ಫ್ರೆಂಚ್‌ನಲ್ಲಿ ಇದರ ಜೊತೆಗೆ ‘ಪಾರ್’ ಹಾಕಿ ಮಾಡಿದವರನ್ನು ಹೆಸರಿಸುವಂತಿಲ್ಲ. ಹೆಸರಿಸಬೇಕಾದ ಅಗತ್ಯ ಬಂದರೆ ಕರ್ಮಣಿಗೆ ಹೋಗಬೇಕು. ಎರಡನೆಯದು, ಕರ್ತೃವಿನ ಜಾಗದಲ್ಲಿ ಜೀವವಿರುವವರು ಬಂದರೆ ಅರ್ಥ ಹೊರಳುತ್ತದೆ. ‘ಲೇಜ್ ಆನ್‌ಫಾನ್ ಸ ಲಾವ್’ ಎಂದರೆ ಮಕ್ಕಳಿಗೆ ಸ್ನಾನ ಮಾಡಿಸುತ್ತಾರೆ ಎಂದಾಗುವುದಿಲ್ಲ, ಮಕ್ಕಳು ತಾವೇ ಮೈ ತೊಳೆದುಕೊಳ್ಳುತ್ತವೆ ಎಂದಾಗುತ್ತದೆ. ಸ ಪದದ ಮೂಲ ಕೆಲಸ ‘ತನ್ನನ್ನು’ ಎಂದು ತೋರಿಸುವುದು, ಮನುಷ್ಯರು ಕಂಡೊಡನೆ ಅದು ತನ್ನ ಮೂಲ ಕೆಲಸಕ್ಕೆ ಮರಳುತ್ತದೆ.

ಮೂರನೆಯ ಮಿತಿ ಸೂಕ್ಷ್ಮವಾದದ್ದು. ಸ ರೂಪ ಎಂದಿನ ಮಾತಿಗೆ ಒಪ್ಪುವಷ್ಟು ಒಂದು ದಿನ ಒಂದು ಹೊತ್ತಿನಲ್ಲಿ ಒಬ್ಬರು ಮಾಡಿದ ಕೆಲಸಕ್ಕೆ ಒಪ್ಪುವುದಿಲ್ಲ. ಕಾದಂಬರಿಯೊಂದು ಚೆನ್ನಾಗಿ ಮಾರಾಟವಾಯಿತು ಎಂದು ಭೂತಕಾಲದಲ್ಲಿ ಧಾರಾಳವಾಗಿ ಹೇಳಬಹುದು, ಏಕೆಂದರೆ ಅದು ಹಲವು ಮಾರಾಟಗಳನ್ನು ಕೂಡಿ ಹೇಳಿದ ಮಾತು. ‘ಪಾರಿ ನ ಸೆ ಪಾ ಫೆ ಆನ್ ಅನ್ ಜೂರ್’, ಪ್ಯಾರಿಸ್ ಒಂದೇ ದಿನದಲ್ಲಿ ಆದದ್ದಲ್ಲ ಎಂಬ ಗಾದೆಯೂ ಭೂತಕಾಲದ್ದೇ, ಅಲ್ಲಿಯೂ ಕಾಲ ದೀರ್ಘವಾಗಿ ಹರಿಯುತ್ತದೆ. ಸಭೆಯಲ್ಲಿ ನಡೆದ ಚರ್ಚೆ, ತೆಗೆದುಕೊಂಡ ತೀರ್ಮಾನ ಮುಂತಾದವಕ್ಕೂ ಈ ರೂಪ ಸಲ್ಲುತ್ತದೆ. ಆದರೆ ಶುಕ್ರವಾರ ರಾತ್ರಿ ನಿಮ್ಮ ಸೈಕಲ್ ಕಳುವಾಯಿತು ಎನ್ನಲು ‘ಮೋನ್ ವೇಲೋ ಸೆ ವೊಲೇ’ ಎಂದು ಬರೆದರೆ ಫ್ರೆಂಚರು ಹುಬ್ಬು ಗಂಟಿಕ್ಕುತ್ತಾರೆ. ಒಬ್ಬ ಕಳ್ಳನ ಒಂದು ಕೃತ್ಯವನ್ನು ಸೈಕಲ್‌ನ ಗುಣದಂತೆ ಹೇಳಲಾಗದು. ಕನ್ನಡದ ‘ಕಳುವಾಯಿತು’ ನಿಮ್ಮನ್ನು ಇಲ್ಲಿ ಸ ಕಡೆಗೆ ಎಳೆದರೂ ಎಳೆಯಬಹುದು, ಆಗು ರೂಪದ ಸೂತ್ರ ಸೋಲುವುದು ಇಂಥಲ್ಲಿ.

‘ಲಾ ಬ್ರಾನ್ಶ್ ಸೆ ಕಾಸೇ’, ಕೊಂಬೆ ಮುರಿಯಿತು ಎಂಬಂಥ ವಾಕ್ಯಗಳೂ ನೋಡಲು ಹೀಗೆಯೇ ಇದ್ದು ಒಂದು ಗಳಿಗೆಯ ಘಟನೆಯನ್ನೇ ಹೇಳುತ್ತವಲ್ಲ ಎಂದು ನೀವು ಕೇಳಬಹುದು. ಅದು ಬೇರೆ ಬಗೆ. ಅಲ್ಲಿ ಮುರಿದವರು ಯಾರೂ ಇಲ್ಲ, ಕೊಂಬೆ ತಾನಾಗಿ ಮುರಿಯಿತು. ಎರಡನ್ನೂ ಬೇರ್ಪಡಿಸಿ ನೋಡಲು ‘ತಾನಾಗಿಯೇ’ ಎಂಬರ್ಥದ ‘ತೂ ಸಲ್’ ಎಂಬುದನ್ನು ಸೇರಿಸಿ ನೋಡಿ. ಕೊಂಬೆಗೆ ಅದು ಒಪ್ಪುತ್ತದೆ. ಅಂಚೆಚೀಟಿ ತಾನಾಗಿಯೇ ಮಾರಾಟವಾಗುತ್ತದೆ ಎಂದರೆ ಒಪ್ಪುವುದಿಲ್ಲ.

ಇನ್ನು ನಾನು ನಿಮಗೆ ಹೇಳಲೇಬೇಕೆಂದಿರುವ ರೂಪಕ್ಕೆ ಬರುತ್ತೇನೆ. ಪಠ್ಯಪುಸ್ತಕಗಳು ಇದನ್ನು ಕೊನೆಯ ಪಾಠಕ್ಕೆ ತಳ್ಳುತ್ತವೆ, ಆದರೆ ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಹತ್ತಿರದ್ದು. ಸೈಕಲ್ ಕಳೆದುಕೊಂಡದ್ದಕ್ಕೆ ಅಪ್ಪ ಫೋನಿನಲ್ಲಿ ಗದರಿದರು ಎಂದಿಟ್ಟುಕೊಳ್ಳಿ. ಆಗ ಗೆಳೆಯರಿಗೆ ‘ಅಪ್ಪನ ಹತ್ತಿರ ಬೈಸಿಕೊಂಡೆ’ ಎನ್ನುತ್ತೀರಿ. ಈ ಪದವನ್ನು ಬಿಡಿಸಿ ನೋಡಿ: ‘ಬೈ’ ಧಾತು, ಅದಕ್ಕೆ ಇನ್ನೊಬ್ಬರಿಂದ ಮಾಡಿಸುವುದನ್ನು ಹೇಳುವ ‘ಇಸು’, ಅದರ ಮೇಲೆ ಫಲ ತನಗೇ ಬಂತು ಎನ್ನುವ ‘ಕೊಳ್ಳು’. ಫ್ರೆಂಚ್ ಇದೇ ಮೂರು ತುಂಡುಗಳನ್ನು ತಿರುವುಮುರುವಾಗಿ ಜೋಡಿಸುತ್ತದೆ. ತನಗೆ ಎನ್ನುವ ‘ಸ’, ಮಾಡಿಸು ಎನ್ನುವ ‘ಫೇರ್’, ಕೊನೆಗೆ ಧಾತು. ‘ಜ ಮ ಸ್ವೀ ಫೆ ಗ್ರೋಂದೇ ಪಾರ್ ಮೋನ್ ಪೇರ್’ ಎಂದರೆ ಅಕ್ಷರಕ್ಕೆ ಅಕ್ಷರ ಅಪ್ಪನ ಕೈಲಿ ಬೈಸಿಕೊಂಡೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಅನುಭವಕ್ಕೆ ಒಂದೇ ರೀತಿಯ ಕಟ್ಟಡ ಕಟ್ಟಿಕೊಂಡಿರುವುದನ್ನು ಮೊದಲ ಸಲ ಗಮನಿಸಿದ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ.

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ‘ಕ್ಷೌರ ಮಾಡಿಸಿಕೊಂಡೆ’ ಎಂದಾಗ ನಾವೇ ಬೇಕೆಂದು ಹೋಗಿ ಮಾಡಿಸಿಕೊಂಡದ್ದು, ‘ಬೈಸಿಕೊಂಡೆ’ ಎಂದಾಗ ಬೇಡವಾದದ್ದು ಮೈಮೇಲೆ ಬಂದದ್ದು. ರೂಪ ಒಂದೇ, ಇಚ್ಛೆ ಬೇರೆ. ‘ಜ ಮ ಸ್ವೀ ಫೆ ಕೂಪೇ ಲೇ ಶವೋ’ ಎಂದರೆ ಕೂದಲು ಕತ್ತರಿಸಿಕೊಂಡೆ, ಬಯಸಿಯೇ. ‘ಎಲ್ ಸೆ ಫೆ ಮೋರ್ದ್ರ್ ಪಾರ್ ಅನ್ ಶಿಯೆನ್’ ಎಂದರೆ ಅವಳು ನಾಯಿಯ ಹತ್ತಿರ ಕಚ್ಚಿಸಿಕೊಂಡಳು, ಬಯಸದೆಯೇ. ಎರಡರ ವ್ಯತ್ಯಾಸ ಸಂದರ್ಭದಿಂದ ಮಾತ್ರ ತಿಳಿಯುತ್ತದೆ, ನಮ್ಮಲ್ಲಿಯೂ ಹಾಗೆಯೇ. ಕರ್ತೃ ಜೀವವುಳ್ಳದ್ದಾಗಿರಬೇಕು ಎಂಬುದು, ಕೊನೆಗೆ ‘ಪಾರ್’ ಹಾಕಿ ಮಾಡಿದವರನ್ನು ಹೆಸರಿಸಬಹುದು ಎಂಬುದು ಇದನ್ನು ಬರಿಯ ಸ ರೂಪದಿಂದ ಬೇರೆಯಾಗಿಸುವ ಲಕ್ಷಣಗಳು. ಬರೆಯುವಾಗ ‘ಫೆ’ ಎಂಬ ಕೃದಂತ ಸ್ತ್ರೀಲಿಂಗಕ್ಕೂ ಬಹುವಚನಕ್ಕೂ ಬದಲಾಗದೆ ಹಾಗೆಯೇ ಉಳಿಯುತ್ತದೆ.

ಒಂದು ಕಡೆ ಫ್ರೆಂಚ್ ನಮಗಿಂತ ಮುಂದೆ ಹೋಗುತ್ತದೆ. ನಾವು ‘ಸೈಕಲ್ ಕದಿಸಿಕೊಂಡೆ’ ಎನ್ನುವುದಿಲ್ಲ, ಫ್ರೆಂಚರು ‘ಜ ಮ ಸ್ವೀ ಫೆ ವೊಲೇ ಮೋನ್ ವೇಲೋ’ ಎಂದು ದಿನವೂ ಹೇಳುತ್ತಾರೆ. ಪರೋಕ್ಷವಾಗಿ ನಷ್ಟ ಅನುಭವಿಸಿದ ವ್ಯಕ್ತಿಯನ್ನು ಕರ್ತೃವಾಗಿಸಲು ಎತ್ರ್ ಕರ್ಮಣಿಗೆ ಸಾಧ್ಯವಾಗದ್ದನ್ನು ಈ ರೂಪ ಮಾಡಿಕೊಡುತ್ತದೆ.

ಆದರೆ ಇದರೊಳಗೆ ಒಂದು ಮುಳ್ಳಿದೆ. ‘ಬೈಸಿಕೊಂಡ’ ಎಂದಾಗ ಏನೋ ಮಾಡಿಯೇ ಬೈಸಿಕೊಂಡಿರಬೇಕು ಎಂಬ ಛಾಯೆ ಕನ್ನಡದಲ್ಲಿ ಇಣುಕುವಂತೆ, ಫ್ರೆಂಚ್‌ನಲ್ಲೂ ಅನುಭವಿಸಿದವರ ಅಜಾಗ್ರತೆಯ ಸೂಚನೆ ಅದರಲ್ಲಿ ಕೇಳಬಹುದು. ಸೈಕಲ್ ಕಳ್ಳತನಕ್ಕೆ, ಬೈಗುಳಕ್ಕೆ, ಕೆಲಸದಿಂದ ತೆಗೆದುಹಾಕಿದ್ದಕ್ಕೆ ಅದು ನಡೆಯುತ್ತದೆ. ಹಲ್ಲೆ, ಅತ್ಯಾಚಾರಗಳಂಥ ವಿಷಯದಲ್ಲಿ ಇದನ್ನು ಬಳಸುವುದನ್ನು ಫ್ರಾನ್ಸ್‌ನಲ್ಲಿ ಹಲವರು ಆಕ್ಷೇಪಿಸುತ್ತಾರೆ, ನೊಂದವರ ಮೇಲೆ ಹೊಣೆ ಹೊರಿಸಿದಂತಾಗುತ್ತದೆ ಎಂಬುದು ಅವರ ವಾದ. ಆ ವಾದ ನನಗೆ ಸರಿಯೆನಿಸುತ್ತದೆ. ಅಲ್ಲಿ ‘ಆ ಎತೇ’ ಎಂಬ ನೇರ ಕರ್ಮಣಿಯೇ ಗೌರವದ್ದು.

ಇದರ ಸಭ್ಯ ಬರಹರೂಪ ‘ಸ ವುವಾರ್’, ತನ್ನನ್ನು ತಾನು ಕಾಣು ಎಂಬುದರಿಂದ ಬಂದದ್ದು. ಪತ್ರಿಕೆಗಳಲ್ಲಿ, ಕಚೇರಿ ಬರಹದಲ್ಲಿ ಹೆಚ್ಚಾಗಿ ಕಾಣುತ್ತದೆ, ಕೊಡು ಮತ್ತು ನಿರಾಕರಿಸು ಎಂಬ ಅರ್ಥದ ಕ್ರಿಯಾಪದಗಳ ಜೊತೆ ಚೆನ್ನಾಗಿ ಹೊಂದುತ್ತದೆ. ವಿಮೆಯವರು ಹಣ ಕೊಡಲು ಒಪ್ಪಲಿಲ್ಲ ಎನ್ನಲು ‘ಜ ಮ ಸ್ವೀ ವ್ಯೂ ರೆಫ್ಯೂಜೇ ಲ ರಾಂಬೂರ್ಸ್‌ಮಾನ್’ ಎಂದು ಬರೆಯಬಹುದು. ಗೆಳೆಯರ ನಡುವೆ ಹೀಗೆ ಮಾತಾಡಿದರೆ ಪುಸ್ತಕ ಓದಿದಂತಿರುತ್ತದೆ, ಅಲ್ಲಿ ‘ಓನ್ ಮಾ ರೆಫ್ಯೂಜೇ’ ಸಾಕು.

ಈಗ ಇವುಗಳನ್ನು ಹಿಡಿದು ನಿಮ್ಮ ಪುಟವನ್ನು ತಿದ್ದೋಣ. ‘ನಾವು ಹನ್ನೊಂದು ಗಂಟೆಗೆ ಸಿನಿಮಾದಿಂದ ಹೊರಬಂದೆವು’ ಎಂಬ ಮೊದಲ ವಾಕ್ಯಕ್ಕೆ ‘ನೂ ಸೋಮ್ ಸೋರ್ತಿ’ ಎಂದೇ ಬರೆಯಿರಿ, ಓನ್ ಅನ್ನು ಮುಂದಿನದಕ್ಕೆ ಉಳಿಸಿಕೊಳ್ಳಿ. ಆಮೇಲೆ ಕಂಡದ್ದು ನೆಲದ ಮೇಲೆ ಬಿದ್ದಿದ್ದ ಬೀಗ. ‘ಲಾಂತಿವೊಲ್ ಆವೇ ಎತೇ ಕೂಪೇ’, ಬೀಗವನ್ನು ಕತ್ತರಿಸಲಾಗಿತ್ತು ಎಂಬ ನಿಮ್ಮ ಕರ್ಮಣಿಯನ್ನು ಇಲ್ಲಿ ನಾನು ಮುಟ್ಟುವುದಿಲ್ಲ. ನಿಮ್ಮ ಕಣ್ಣಿಗೆ ಬಿದ್ದದ್ದು ಬೀಗವೇ ಹೊರತು ಕಳ್ಳನಲ್ಲ, ಓದುವವರ ಕಣ್ಣೂ ಬೀಗದ ಮೇಲೆಯೇ ಇರಬೇಕು. ಶಿಕ್ಷಕಿಯ ಮುಂದೆ ಈ ಒಂದು ವಾಕ್ಯವನ್ನು ನೀವು ಧೈರ್ಯವಾಗಿ ಸಮರ್ಥಿಸಿಕೊಳ್ಳಬಹುದು. ಅದರ ನಂತರ ‘ಓನ್ ಮಾವೇ ವೊಲೇ ಮೋನ್ ವೇಲೋ’, ಯಾರೋ ನನ್ನ ಸೈಕಲ್ ಕದ್ದಿದ್ದರು. ಕಾಗದದ ಮೇಲೆ ಎರಡೂ ಹಿಂದಿನ ಭೂತಕಾಲದಲ್ಲಿವೆ, ಏಕೆಂದರೆ ನೀವು ಹೊರಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಬೀಗದ ಗುಣದ ಬಗೆಗಿನ ವಾಕ್ಯ ಸ ರೂಪಕ್ಕೆ ಹೇಳಿಮಾಡಿಸಿದ್ದು. ‘ಸೇಜ್ ಆಂತಿವೊಲ್ ಸ ಕೂಪ್ ಫಾಸೀಲ್‌ಮಾನ್’, ಇಂಥ ಬೀಗಗಳು ಸುಲಭವಾಗಿ ತುಂಡಾಗುತ್ತವೆ. ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ ಎನ್ನಲು ಅದಕ್ಕೆ ‘ಸ ವಾಂದ್ ಪಾರ್ತೂ’ ಎಂದು ಸೇರಿಸಿದರಾಯಿತು. ಪೊಲೀಸ್ ಠಾಣೆಯ ವಾಕ್ಯ ಮೇಲೆ ಬಂದಂತೆ ‘ಓನ್ ಮಾ ದಮಾಂದೇ ಲಾ ಫಾಕ್ತ್ಯೂರ್’. ಅಪ್ಪನ ಬೈಗುಳವನ್ನು ಸೇರಿಸುವುದಾದರೆ ‘ಸ ಫೇರ್’, ವಿಮೆಯ ನಿರಾಕರಣೆಗೆ ‘ಸ ವುವಾರ್’. ಒಂದು ಎಚ್ಚರಿಕೆ: ಕರ್ಮಣಿಯನ್ನು ಬಿಡಬೇಕೆಂಬ ಹಟದಲ್ಲಿ ಆರು ವಾಕ್ಯಗಳಿಗೂ ಓನ್ ಹಾಕಿದರೆ ಅದೂ ಅಷ್ಟೇ ಭಾರವಾಗುತ್ತದೆ.

ಉಳಿದ ಕೆಲವು ರೂಪಗಳನ್ನು ಗುರುತು ಹಿಡಿದರೆ ಸಾಕು. ಬಾಡಿಗೆಗಿದೆ, ಮಾರಾಟಕ್ಕಿದೆ ಎನ್ನುವ ‘ಆ ಲೂಯೇ’, ‘ಆ ವಾಂದ್ರ್’ ಫಲಕಗಳನ್ನು ನೀವು ಬೀದಿಯಲ್ಲಿ ನೋಡಿಯೇ ಇರುತ್ತೀರಿ. ಹಳೆಯ ಗೋಡೆಗಳ ಮೇಲೆ ‘ದೇಫಾನ್ಸ್ ದಾಫಿಶೇ’, ಭಿತ್ತಿಪತ್ರ ಅಂಟಿಸಬಾರದು ಎಂದು ಬರೆದು ಕೆಳಗೆ 1881ರ ಜುಲೈ 29ರ ಕಾನೂನನ್ನು ನಮೂದಿಸಿರುತ್ತಾರೆ. ನಿಷೇಧಿಸುವವರು ಯಾರೆಂದು ಹೇಳದೆ ಇರಲು ಅಲ್ಲಿ ಕ್ರಿಯಾಪದವನ್ನೇ ತೆಗೆದು ನಾಮಪದವಿಟ್ಟಿದ್ದಾರೆ. ಕಚೇರಿ ಪತ್ರಗಳಲ್ಲಿ ‘ಇಲ್ ಮಾ ಎತೇ ದಮಾಂದೇ ದ’ ಎಂಬ ಕರ್ತೃವಿಲ್ಲದ ಕರ್ಮಣಿ ಬರುತ್ತದೆ. ಇದು ನಮ್ಮ ಸರ್ಕಾರಿ ಆದೇಶಗಳ ‘ಕೋರಲಾಗಿದೆ’ ಎಂಬುದರ ಅವಳಿ, ವ್ಯಕ್ತಿ ಪರೋಕ್ಷ ಕರ್ಮವಾಗಿಯೇ ಉಳಿಯುವುದರಿಂದ ವ್ಯಾಕರಣಕ್ಕೂ ಸರಿಯಾದದ್ದು.

ಎತ್ರ್ ಕರ್ಮಣಿಯನ್ನೇ ಬಳಸಬೇಕಾದ ಜಾಗಗಳೂ ಇವೆ. ಮಾಡಿದವರೇ ಹೊಸ ಸುದ್ದಿಯಾದಾಗ, ಮನುಷ್ಯರಲ್ಲದ ಕಾರಣವಿದ್ದಾಗ, ಕಾನೂನಿನ ಭಾಷೆಯಲ್ಲಿ ಅದಕ್ಕೆ ಬದಲಿ ಇಲ್ಲ. ಫ್ರಾನ್ಸ್‌ನ 1958ರ ಸಂವಿಧಾನದ 6ನೆಯ ವಿಧಿ ಅಧ್ಯಕ್ಷರು 5 ವರ್ಷಕ್ಕೆ ಚುನಾಯಿತರಾಗುತ್ತಾರೆ ಎನ್ನುವಾಗ ‘ಎತ್ ಏಲ್ಯೂ’ ಎಂಬ ವರ್ತಮಾನದ ಕರ್ಮಣಿಯನ್ನೇ ಬಳಸುತ್ತದೆ, ‘ಓನ್’ ಎಂದು ಅಲ್ಲಿ ಬರೆಯಲಾಗದು. ನಾಳೆ ನೀವು ಇದೇ ಕತೆಯನ್ನು ವಿಮೆ ಕಂಪನಿಗೆ ಮೇಲ್ಮನವಿಯಾಗಿ ಬರೆಯುವಾಗಲೂ ‘ಮೋನ್ ವೇಲೋ ಆ ಎತೇ ವೊಲೇ’ ಎಂದು ದಿನಾಂಕ ಸಮೇತ ಪ್ರಾರಂಭಿಸಿ. ತರಗತಿಯ ಕತೆಯಲ್ಲಿ ಭಾರವೆನಿಸಿದ ಆ ವಾಕ್ಯ ಅರ್ಜಿಯಲ್ಲಿ ತನ್ನ ಸರಿಯಾದ ಜಾಗದಲ್ಲಿರುತ್ತದೆ, ಜೊತೆಗೆ ಠಾಣೆಯಲ್ಲಿ ಕೊಟ್ಟ ದೂರಿನ ರಸೀದಿಯ ಪ್ರತಿಯನ್ನೂ ಲಗತ್ತಿಸಿ.